ಅತ್ತೆಯವರ ಮಾತ್ರೆ ಡಬ್ಬಿ: ಯಾವ ಖಾನೆಗೆ ಯಾವುದು?

ಪ್ರಶ್ನೆ (ಬದಿಯಡ್ಕದ ಸದಸ್ಯೆ): ನಮ್ಮ ಅತ್ತೆಯವರಿಗೆ 62 ವರ್ಷ. ದಿನಕ್ಕೆ ಥೈರಾಯ್ಡ್ ಮಾತ್ರೆ ಒಂದು, ಕಬ್ಬಿಣಾಂಶದ್ದು ಒಂದು, ಕ್ಯಾಲ್ಸಿಯಂ ಎರಡು, ವಾರಕ್ಕೊಮ್ಮೆ ವಿಟಮಿನ್ ಡಿ ಕ್ಯಾಪ್ಸೂಲ್ ಇದೆ. 6.30ಕ್ಕೆ ಎದ್ದ ಕೂಡಲೇ ಚಾ ಕುಡಿಯುತ್ತಾರೆ, 8.30ಕ್ಕೆ ದೋಸೆ, 1 ಗಂಟೆಗೆ ಊಟ, 4ಕ್ಕೆ ಚಾ, ರಾತ್ರಿ 8ಕ್ಕೆ ಗಂಜಿ. ದಿನಕ್ಕೆ 4 ಖಾನೆಗಳ ಡಬ್ಬಿ ತಂದಿದ್ದೇನೆ. ಹೇಗೆ ತುಂಬಿಸಲಿ?

ಉತ್ತರ (ಕುಂಬಳೆಯ ಫಾರ್ಮಸಿಸ್ಟ್): ಥೈರಾಯ್ಡ್ ಮಾತ್ರೆಗೆ ತೇವ, ಬೆಳಕು ಎರಡೂ ಆಗದ ಕಾರಣ, ಅದನ್ನು ಡಬ್ಬಿಗೆ ಹಾಕದೆ ಮೂಲ ಬಾಟಲಿಯಲ್ಲಿಯೇ ಹಾಸಿಗೆಯ ಬಳಿ ಇಡಿರಿ. ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ, ಚಾವನ್ನು 7.30ಕ್ಕೆ ಮುಂದೂಡಬೇಕು. ಕಬ್ಬಿಣವೂ ಕ್ಯಾಲ್ಸಿಯಂ ಕೂಡ ಆ ಮಾತ್ರೆಯನ್ನು ಹೊಟ್ಟೆಯಲ್ಲಿಯೇ ಹಿಡಿದಿಡುವುದರಿಂದ ನಡುವೆ 4 ಗಂಟೆಯ ಅಂತರ ಬೇಕು. ಹಾಗಾಗಿ ಕಬ್ಬಿಣದ ಮಾತ್ರೆ 11 ಗಂಟೆಗೆ, ಲಿಂಬೆ ಶರಬತ್ತಿನೊಂದಿಗೆ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಊಟದ ಹೊತ್ತಿನ ಆಮ್ಲ ಬೇಕಾದ್ದರಿಂದ ಒಂದನ್ನು ಮಧ್ಯಾಹ್ನದ ಊಟದೊಂದಿಗೆ, ಇನ್ನೊಂದನ್ನು ಗಂಜಿಯೊಂದಿಗೆ ಕೊಡಿರಿ; ಎರಡನ್ನೂ ಒಟ್ಟಿಗೆ ನುಂಗಿದರೆ ಹೀರಿಕೆ ಕಡಿಮೆ. ಹೀಗೆ 'ಬೆಳಿಗ್ಗೆ' ಖಾನೆಯಲ್ಲಿ ಕಬ್ಬಿಣ, 'ಮಧ್ಯಾಹ್ನ' ಮತ್ತು 'ರಾತ್ರಿ'ಯಲ್ಲಿ ಕ್ಯಾಲ್ಸಿಯಂ. 'ಸಂಜೆ' ಖಾಲಿಯೇ ಇರಲಿ. ತುಂಬಿಸಲೇಬೇಕೆಂಬ ನಿಯಮವೇನೂ ಇಲ್ಲ.

ವಿಟಮಿನ್ ಡಿ ಆದಿತ್ಯವಾರದ ಮಧ್ಯಾಹ್ನದ ಖಾನೆಯಲ್ಲಿ ಮಾತ್ರ. ತೆಂಗಿನಕಾಯಿ ಹಾಕಿದ ಪದಾರ್ಥವಿರುವ ಊಟದೊಂದಿಗೆ ಅದು ಚೆನ್ನಾಗಿ ಹಿಡಿಯುತ್ತದೆ. ಸಾಮಾನ್ಯವಾಗಿ 60,000 ಯೂನಿಟ್ಟಿನ ಆ ಕ್ಯಾಪ್ಸೂಲನ್ನು ದಿನವೂ ನುಂಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಳ್ಳುವವರು ಇದ್ದಾರೆ. ಅದರ ಸ್ಟ್ರಿಪ್ಪನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿರಿ. 11 ಗಂಟೆಯದ್ದು ಮರೆತುಹೋದರೆ ಆ ದಿನ ಬಿಟ್ಟುಬಿಡಿ, ಕ್ಯಾಲ್ಸಿಯಂ ಜೊತೆ ಸೇರಿಸಬೇಡಿ.

ನೀರ್ಚಾಲಿನ ಸದಸ್ಯರು: ಮಳೆಗಾಲದಲ್ಲಿ ಮಾತ್ರೆಗಳು ಅಂಟಿಕೊಳ್ಳುತ್ತವೆ. ಸ್ಟ್ರಿಪ್ಪನ್ನು ಕತ್ತರಿಸಿ ಹಾಳೆಯ ಸಮೇತ ಹಾಕುವುದು ಒಳ್ಳೆಯದು. ಕಬ್ಬಿಣಕ್ಕೆ ಹೊಟ್ಟೆ ಉರಿದರೆ ಹಾಲಿನೊಂದಿಗೆ ಕೊಡಬಹುದು.

ಫಾರ್ಮಸಿಸ್ಟ್: ಅಂಟುವುದು ನಿಜ, ಆದರೆ ಕಣ್ಣು ಮಂಜಾದವರು ಹಾಳೆಯ ತುಂಡನ್ನೂ ನುಂಗಿಬಿಟ್ಟು ಅದರ ಚೂಪಾದ ಅಂಚು ಗಂಟಲನ್ನು ಕೊಯ್ಯುವುದುಂಟು. ಒಂದೇ ವಾರಕ್ಕೆ ಸಾಕಾಗುವಷ್ಟು ಬಿಡಿಸಿ ತುಂಬಿಸಿ, ಡಬ್ಬಿಯನ್ನು ಒಲೆಯ ಬಳಿ ಇಡದಿದ್ದರೆ ಸಾಕು. ಉರಿಗೆ ಹಾಲು ಬೇಡ, ಅದರ ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ. ಎರಡು ಬಾಳೆಹಣ್ಣು ತಿಂದು ನುಂಗಬಹುದು. ಮಲ ಕಪ್ಪಾದರೆ ಅದು ಕಬ್ಬಿಣದ್ದೇ ಬಣ್ಣ, ಆದರೆ ಡಾಂಬರಿನಂತೆ ಅಂಟಂಟಾಗಿ ನಾತ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಉಪ್ಪಳದ ಸದಸ್ಯರು: ನಮ್ಮ ತಂದೆಯವರ ಬಿಪಿ ಮಾತ್ರೆಯನ್ನೂ ಖಾಲಿ ಇರುವ 'ಸಂಜೆ' ಖಾನೆಗೆ ಹಾಕಬಹುದೇ?

ಫಾರ್ಮಸಿಸ್ಟ್: ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರದ್ದು ಬೇಡವೇ ಬೇಡ. ಅವರಿಗೆ ಬೇರೆ ಬಣ್ಣದ ಡಬ್ಬಿ ತನ್ನಿ.

ಬದಿಯಡ್ಕದ ಸದಸ್ಯೆ: ಧನ್ಯವಾದಗಳು. ಚಾ ಒಂದು ಗಂಟೆ ತಡವಾಗುವುದಕ್ಕೆ ಅತ್ತೆ ಒಪ್ಪುವುದಿಲ್ಲವಲ್ಲ! ಥೈರಾಯ್ಡ್ ಮಾತ್ರೆಯನ್ನು ರಾತ್ರಿ ಕೊಡಬಹುದೇ?

ಫಾರ್ಮಸಿಸ್ಟ್: ಊಟವಾಗಿ 3 ಗಂಟೆ ಕಳೆದ ಮೇಲೆ ಕೆಲವರಿಗೆ ಕೊಡುವುದುಂಟು. ಆದರೆ ಆಗ ಗಂಜಿಯೊಂದಿಗಿನ ಕ್ಯಾಲ್ಸಿಯಂ ಅಡ್ಡ ಬರುತ್ತದೆ, ಅದನ್ನು ಬೆಳಗಿನ ದೋಸೆಗೆ ಸರಿಸಬೇಕು. ಬರೆದುಕೊಟ್ಟ ವೈದ್ಯರನ್ನು ಕೇಳದೆ ಬದಲಿಸಬೇಡಿ. ಬದಲಿಸಿದರೆ 6ರಿಂದ 8 ವಾರದಲ್ಲಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕಾಗುತ್ತದೆ.