ನಾಲ್ಕು ಜನ ಸೇರಿದ್ದಕ್ಕೆ ಬಿಲ್ ಇಷ್ಟೊಂದು ಏರುತ್ತಾ?

ಪ್ರಶ್ನೆ: ನಮ್ಮದು ಚಿಕ್ಕ ಆಫೀಸು. ಒಂದು ಸಾಫ್ಟ್‌ವೇರಿಗೆ ಸೀಟಿಗೆ 300ರಂತೆ 8 ಸೀಟಿಗೆ ಪ್ರತಿ ತಿಂಗಳು 1ನೇ ತಾರೀಖು 2,400 ಕಟ್ಟುತ್ತಿದ್ದೆವು. ಕಳೆದ ತಿಂಗಳು 11ನೇ ತಾರೀಖು ಹೊಸದಾಗಿ 4 ಜನರನ್ನು ಸೇರಿಸಿದೆ. ಒಬ್ಬರು ವಾರದಲ್ಲೇ ಬಿಟ್ಟು ಹೋದರು, ಅವರ ಲಾಗಿನ್ ತೆಗೆದೆ. 11 ಜನಕ್ಕೆ 3,300 ಬರಬೇಕಲ್ವಾ? 4,400 ಬಂದಿದೆ. ಬಿಲ್ಲಿನಲ್ಲಿ ಒಂದು ಮೈನಸ್ ಸಾಲು ಬೇರೆ ಇದೆ.

ಒಬ್ಬ ಸದಸ್ಯರು: ತೆರಿಗೆ ಸೇರಿರಬೇಕು, ನೋಡಿ.

ಪ್ರಶ್ನೆ ಕೇಳಿದವರು: ಇಲ್ಲ, ತೆರಿಗೆ ಕೆಳಗೆ ಬೇರೆ ಇದೆ. ಇದು ಅದಕ್ಕಿಂತ ಮುಂಚಿನ ಮೊತ್ತ.

ಬಿಲ್ಲಿಂಗ್ ಕೆಲಸ ಮಾಡುವವರು: ಈ ಬಿಲ್ಲಿನಲ್ಲಿ ಎರಡು ತಿಂಗಳ ಲೆಕ್ಕ ಕೂಡಿದೆ. ನೀವು ತಿಂಗಳ ಶುರುವಿಗೇ ದುಡ್ಡು ಕಟ್ಟುತ್ತೀರಿ. ಹಾಗಾಗಿ ನಡುವೆ ಸೇರಿಸಿದ ಸೀಟಿನ ದುಡ್ಡು ಮುಂದಿನ ಬಿಲ್ಲಿಗೆ ಬಂದು ಕೂರುತ್ತದೆ. 30 ದಿನದ ತಿಂಗಳಲ್ಲಿ 11ರಿಂದ ಉಳಿದದ್ದು 20 ದಿನ. ಒಂದು ಸೀಟಿಗೆ 200, ನಾಲ್ಕಕ್ಕೆ 800. ಅದರ ಮೇಲೆ ಈ ತಿಂಗಳ 12 ಸೀಟಿಗೆ 3,600. ಒಟ್ಟು 4,400.

ಮೈನಸ್ ಸಾಲಿನಲ್ಲಿ `Unused time` ಅಂತ ಇದೆಯಾ? ಕೆಲವು ಬಿಲ್ಲಿಂಗ್ ವ್ಯವಸ್ಥೆಗಳು 800 ಅಂತ ನೇರವಾಗಿ ಬರೆಯುವುದಿಲ್ಲ. ಹಳೆಯ 8 ಸೀಟಿನ ಉಳಿದ 20 ದಿನಕ್ಕೆ 1,600 ವಾಪಸ್ ಕೊಟ್ಟು, `Remaining time` ಅಂತ 12 ಸೀಟಿನ 20 ದಿನಕ್ಕೆ 2,400 ಹಾಕುತ್ತವೆ. ಕಳೆದರೆ ಅದೇ 800. ಸೆಕೆಂಡಿನ ಲೆಕ್ಕ ಹಿಡಿಯುವ ಕಡೆ ನೀವು ಸೇರಿಸಿದ ಹೊತ್ತಿಗೆ ತಕ್ಕಂತೆ ಸ್ವಲ್ಪ ಆಚೀಚೆ ಆಗಬಹುದು.

ಇನ್ನೊಬ್ಬರು: ಅದಕ್ಕೇ ನಾವು ಹೊಸಬರನ್ನು ಯಾವಾಗಲೂ 1ನೇ ತಾರೀಖೇ ಸೇರಿಸುತ್ತೇವೆ. ದುಡ್ಡು ಉಳಿಯುತ್ತದೆ.

ಬಿಲ್ಲಿಂಗ್ ಕೆಲಸ ಮಾಡುವವರು: ಯಾವತ್ತು ಸೇರಿಸಿದರೂ ಪೂರ್ತಿ ತಿಂಗಳ ದುಡ್ಡು ಹಿಡಿಯುವ ಕಡೆ ನಿಮ್ಮ ಮಾತು ಸರಿ. ಇಲ್ಲಿ ದಿನದ ಲೆಕ್ಕ ಇದೆ, ಕಾದರೆ ಲಾಭವಿಲ್ಲ. ಕೆಲಸಕ್ಕೆ ಬಂದವರು ಸುಮ್ನೆ ಲಾಗಿನ್ ಇಲ್ಲದೆ ಕೂತಿರಬೇಕಾಗುತ್ತದೆ.

ನಿಜವಾದ ನಷ್ಟ ಬೇರೆ ಕಡೆ ಇದೆ. ಬಿಟ್ಟು ಹೋದವರ ಲಾಗಿನ್ ತೆಗೆದಿರಿ, ಆದರೆ ಸೀಟು ಹಾಗೇ ಉಳಿದಿದೆ. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಇವೆರಡೂ ಬೇರೆ ಬೇರೆ. ಬಿಲ್ಲಿಂಗ್ ಪುಟದಲ್ಲಿ ಸೀಟಿನ ಸಂಖ್ಯೆ ನೋಡಿ.

ಪ್ರಶ್ನೆ ಕೇಳಿದವರು: ಹೌದು, 12ರಲ್ಲಿ 11 ಬಳಕೆಯಲ್ಲಿದೆ ಅಂತ ಇದೆ! ಈಗಷ್ಟೇ 11 ಮಾಡಿದೆ. ಮುಂದಿನ ತಿಂಗಳು 1ರಿಂದ ಜಾರಿ ಅಂತ ತೋರಿಸುತ್ತಿದೆ.

ಬಿಲ್ಲಿಂಗ್ ಕೆಲಸ ಮಾಡುವವರು: ಸಾಮಾನ್ಯವಾಗಿ ಹಾಗೇ. ಸೀಟು ಏರಿಸಿದರೆ ತಕ್ಷಣ, ಇಳಿಸಿದರೆ ಮುಂದಿನ ನವೀಕರಣಕ್ಕೆ. ಈ ತಿಂಗಳ 300 ಬಗ್ಗೆ ಲಾಗಿನ್ ತೆಗೆದ ತಾರೀಖು ತೋರಿಸಿ ಸಪೋರ್ಟಿಗೆ ಒಂದು ಮೇಲ್ ಹಾಕಿ. ಕೊಡಲೇಬೇಕೆಂದಿಲ್ಲ, ಆದರೂ ಕೇಳಿ.

ಮತ್ತೊಬ್ಬರು: ನಮ್ಮದು ವಾರ್ಷಿಕ ಪ್ಲಾನ್. ಮೂರನೇ ತಿಂಗಳಲ್ಲೇ ಇಬ್ಬರು ಹೋದರು. ವರ್ಷ ಮುಗಿಯೋವರೆಗೆ ಸೀಟು ಇಳಿಸೋಕೆ ಬಿಡಲಿಲ್ಲ. ಆ ಎರಡು ಸೀಟನ್ನು ಆಮೇಲೆ ಬಂದವರಿಗೆ ಕೊಟ್ಟೆವು.

ಪ್ರಶ್ನೆ ಕೇಳಿದವರು: ಮೇಲ್ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಆಹ್ವಾನ ಕಳಿಸಿ ಇನ್ನೂ ಒಪ್ಪಿಕೊಳ್ಳದವರೂ ಸೀಟಿನ ಲೆಕ್ಕಕ್ಕೆ ಬರ್ತಾರಾ?

ಬಿಲ್ಲಿಂಗ್ ಕೆಲಸ ಮಾಡುವವರು: ಕೆಲವು ಕಡೆ ಬರುತ್ತಾರೆ. ನಿಮ್ಮಲ್ಲಿ ಹೇಗೆ ಅಂತ ಒಂದು ಆಹ್ವಾನ ಕಳಿಸಿ, ಆ 11 ಏರುತ್ತದಾ ನೋಡಿ.