ಗೋದಾಮಿನ ಎಣಿಕೆ: ದಿನಕ್ಕಿಷ್ಟು ಎಂದೋ, ವರ್ಷಕ್ಕೊಮ್ಮೆಯೋ?

ಗೋದಾಮು ವ್ಯವಸ್ಥಾಪಕಿ, ಹಾಸನ: ನಮ್ಮದು ತೋಟದ ನೀರಾವರಿ ಸಾಮಾನಿನ ಗೋದಾಮು, 2,400 ಬಗೆಯ ಸಾಮಾನುಗಳಿವೆ. ಪ್ರತಿ ಮಾರ್ಚ್ ಕೊನೆಗೆ ಮೂರು ದಿನ ಬಾಗಿಲು ಹಾಕಿ ಎಣಿಸುತ್ತೇವೆ. ಸಕಲೇಶಪುರದ ಕಡೆಯವರು ಸ್ಪ್ರಿಂಕ್ಲರ್ ಬಿಡಿಭಾಗಗಳಿಗೆ ಓಡಿ ಬರುವುದೂ ಆಗಲೇ. ದಿನಕ್ಕಿಷ್ಟು ಸಾಮಾನಿನಂತೆ ವರ್ಷವಿಡೀ ಎಣಿಸುವ ಸೈಕಲ್ ಕೌಂಟಿಂಗ್‌ಗೆ ಹೋಗಬಹುದೇ?

ಲೆಕ್ಕಪತ್ರ ನೋಡುವವರು, ಅರಸೀಕೆರೆ: ಬೇಡ ಮೇಡಂ. ಮಾರ್ಚ್ 31ಕ್ಕೆ ಪೂರ್ತಿ ಎಣಿಕೆ ಕಾನೂನಿನಲ್ಲೇ ಕಡ್ಡಾಯ, ಆಡಿಟರ್ ಬಂದು ನೋಡುತ್ತಾರೆ.

ದಾಸ್ತಾನು ತಪಾಸಕ, ಚಿಕ್ಕಮಗಳೂರು: ಆಡಿಟರ್ ನೋಡುತ್ತಾರೆ ಎಂಬುದು ಸರಿ, ದಿನಾಂಕದ ಮಾತು ಸರಿಯಲ್ಲ. ಕಂಪನಿಗಳ ಲೆಕ್ಕಪರಿಶೋಧನೆಯ 2020ರ ಆದೇಶ ಕೇಳುವುದು ಸಮಂಜಸವಾದ ಅಂತರದಲ್ಲಿ ಎಣಿಸಿದ್ದೀರಾ ಎಂದು, ಇಂಥ ದಿನವೇ ಎಣಿಸಿದ್ದೀರಾ ಎಂದಲ್ಲ. ಆದರೂ ಬದಲಾಯಿಸುವ ಮೊದಲು ನಿಮ್ಮ ಆಡಿಟರ್ ಜೊತೆ ಮಾತನಾಡಿ.

ಮೇಡಂ, ನಾನಾದರೆ ಮೊದಲು ನೋಡುವುದು ಒಂದೇ: ಸಾಮಾನು ಹೊರಗೆ ಹೋದ ದಿನವೇ ಪುಸ್ತಕದಲ್ಲೂ ಇಳಿಯುತ್ತದೆಯೇ? ಚಲನ್‌ಗಳು ಎರಡು ದಿನ ಮೇಜಿನ ಮೇಲೆ ಉಳಿಯುವ ಕಡೆ ದಿನವೂ ಎಣಿಸಿದರೆ ದಿನವೂ ಸುಳ್ಳು ವ್ಯತ್ಯಾಸ ಸಿಗುತ್ತದೆ. ಅಂಥ ಗೋದಾಮಿಗೆ ಸದ್ಯಕ್ಕೆ ವಾರ್ಷಿಕ ಎಣಿಕೆಯೇ ಸರಿ. ಪರೀಕ್ಷಿಸಲು 50 ಸಾಮಾನುಗಳನ್ನು ಆರಿಸಿ, ನಾಲ್ಕು ವಾರ ಅವನ್ನೇ, ಬೆಳಿಗ್ಗೆ ಮೊದಲ ಗಾಡಿ ಹೊರಡುವ ಮುನ್ನ ಎಣಿಸಿ. 45ಕ್ಕಿಂತ ಕಡಿಮೆ ತಾಳೆಯಾದರೆ ಕಾರಣ ಹುಡುಕುವ ತನಕ ಮುಂದೆ ಹೋಗಬೇಡಿ. ಈ 45 ನನ್ನ ಅನುಭವದ ಗೆರೆ.

ನಾನು ನೋಡಿದ ಒಂದು ಗೋದಾಮಿನಲ್ಲಿ ಪೈಪಿನ ತಿರುವಿಗೆ ಹಾಕುವ 20 ಮಿ.ಮೀ. ಎಲ್ಬೋ 24 ಕಡಿಮೆ, 25 ಮಿ.ಮೀ. ಎಲ್ಬೋ 24 ಹೆಚ್ಚು ಬಂತು. ವರ್ಷದ ಕೊನೆಯಲ್ಲಾಗಿದ್ದರೆ ಒಂದರ ನಷ್ಟವನ್ನು ಇನ್ನೊಂದರ ಲಾಭ ಮುಚ್ಚಿಹಾಕುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ವಾರದೊಳಗೆ ಸಿಕ್ಕಿದ್ದರಿಂದ ಚಲನ್ ತಿರುವಿ ನೋಡಿದೆವು. ತಪ್ಪಿದ್ದೆಲ್ಲ ಸಂಜೆಯ ಸರಬರಾಜಿನಲ್ಲಿ. ಅಕ್ಕಪಕ್ಕದ ಎರಡು ಡಬ್ಬಗಳ ಮೇಲಿನ ದೀಪ ಕೆಟ್ಟಿತ್ತು, ಒಂದರ ಚೀಟಿ ಕಳಚಿತ್ತು. ಸೈಕಲ್ ಕೌಂಟಿಂಗ್‌ನ ನಿಜವಾದ ಬೆಲೆ ಇಲ್ಲಿದೆ: ತಪ್ಪಿನ ಜಾಡು ಆರುವ ಮೊದಲೇ ಕೈಗೆ ಸಿಗುತ್ತದೆ.

ಕೆಲಸ ನೀವು ಹೆದರುವಷ್ಟಿಲ್ಲ. ಪಂಪು, ಮೋಟಾರಿನಂಥ ಬೆಲೆಬಾಳುವ 240 ಬಗೆಯನ್ನು ತಿಂಗಳಿಗೊಮ್ಮೆ, ನಡುವಿನ 480ನ್ನು ಮೂರು ತಿಂಗಳಿಗೊಮ್ಮೆ, ಉಳಿದ 1,680ನ್ನು ವರ್ಷಕ್ಕೊಮ್ಮೆ ಎಣಿಸಿದರೆ ಒಟ್ಟು 6,480 ಎಣಿಕೆ. 300 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 22.

ಕಾಫಿ ವ್ಯಾಪಾರಿ, ಮೂಡಿಗೆರೆ: ನನ್ನ ಗೋದಾಮಿನಲ್ಲಿ ಮೂಟೆಗಳು ಲೆಕ್ಕಕ್ಕೆ ಸರಿಯಿದ್ದರೂ ಮಳೆಗಾಲದಲ್ಲಿ ತೂಕ ಹೆಚ್ಚುತ್ತದೆ. ಇದಕ್ಕೂ ಇದೇ ಉಪಾಯವೇ?

ದಾಸ್ತಾನು ತಪಾಸಕ: ಅಲ್ಲ ಸರ್, ಅದು ಕಾಫಿ ಹೀರಿದ ತೇವ. ತೂಗಿದ ದಿನದ ತೇವಾಂಶವನ್ನೂ ತೂಕದ ಪಕ್ಕದಲ್ಲೇ ಬರೆಯದಿದ್ದರೆ ಎಷ್ಟು ಸಲ ತೂಗಿದರೂ ಲೆಕ್ಕ ಕೂಡುವುದಿಲ್ಲ.

ಗೋದಾಮು ವ್ಯವಸ್ಥಾಪಕಿ: ನಮ್ಮಲ್ಲಿ ಸಾಮಾನು ಕೊಡುವುದೂ ಎಣಿಸುವುದೂ ಒಬ್ಬನೇ ಹುಡುಗ. ಆಗ?

ದಾಸ್ತಾನು ತಪಾಸಕ: ಅದು ತೊಡಕೇ. ಪುಸ್ತಕದ ಸಂಖ್ಯೆ ಇಲ್ಲದ ಹಾಳೆ ಕೊಟ್ಟು ಎಣಿಸಿಸಿ, ಅದರಲ್ಲಿ ಐದನ್ನು ನೀವೇ ಮತ್ತೆ ಎಣಿಸಿ. ಕದಿಯುವ ಮನಸ್ಸಿದ್ದವನನ್ನು ಇದು ಪೂರ್ತಿ ತಡೆಯದು. ಎರಡನೆಯವರು ಸಿಗುವ ತನಕ ಪಂಪು, ಮೋಟಾರುಗಳನ್ನಾದರೂ ಮಾರ್ಚ್‌ನಲ್ಲಿ ಹೊರಗಿನವರಿಂದ ಎಣಿಸಿಸಿ.