ಸಹಾಯ ಬೇಕು: ಗೌರಿ ಹಬ್ಬದ ಸೇಲ್ ಉದ್ಘಾಟನೆಗೆ ಎರಡು ನಿಮಿಷದ ಮಾತು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ಈ ಶುಕ್ರವಾರ ಬೆಳಿಗ್ಗೆ ಹಬ್ಬದ ಸೇಲ್ ಶುರು. ಪೂಜೆ ಮುಗಿದ ಮೇಲೆ, ಟೇಪು ಕತ್ತರಿಸುವ ಮೊದಲು ನಾನು ನಾಲ್ಕು ಮಾತು ಆಡಬೇಕು. ಜನ ಬಾಗಿಲಲ್ಲಿ ನಿಂತೇ ಕೇಳುತ್ತಾರೆ, ಅದಕ್ಕೆ ಎರಡು ನಿಮಿಷ ದಾಟಬಾರದು.

ಬರೆದಿರುವುದು ಇಷ್ಟು:

"ಅಕ್ಕಂದಿರೇ, ಅಣ್ಣಂದಿರೇ, ಹಿರಿಯರೇ, ಎಲ್ಲರಿಗೂ ನಮಸ್ಕಾರ. ಮಗಳಿಗೆ, ತಂಗಿಗೆ ಬಾಗಿನದ ಜೊತೆ ಕೊಡುವ ಸೀರೆಯನ್ನು ನಮ್ಮಲ್ಲಿ ಆರಿಸುತ್ತೀರಿ. ಆ ನಂಬಿಕೆಗೆ ನಾವು ಋಣಿ. ಬಣ್ಣ ಹೋದರೆ ಬಂದು ಹೇಳಿದ್ದೀರಿ, ಚೆನ್ನಾಗಿದ್ದರೆ ಅಕ್ಕಪಕ್ಕದವರನ್ನೂ ಕರೆತಂದಿದ್ದೀರಿ. ಅಂಗಡಿ ನಿಂತಿರುವುದೇ ಅದರಿಂದ. ನಮ್ಮ ಹಳೆಯ ಗಿರಾಕಿ ಅಜ್ಜಿಯವರು ಈಗ ಟೇಪು ಕತ್ತರಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ."

ರಿಯಾಯಿತಿಯ ಲೆಕ್ಕವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಬೋರ್ಡಿನಲ್ಲಿದೆ. ಧನ್ಯವಾದದ ನಡುವೆ ಶೇಕಡಾ ಇಪ್ಪತ್ತು ಅಂದರೆ ಕೃತಜ್ಞತೆಯೂ ಜಾಹೀರಾತಾಗಿ ಕೇಳಿಸುತ್ತದೆ. ಆದರೆ ಸೇಲ್ ಸೀರೆ ವಾಪಸ್ ಇಲ್ಲ, ಬಿಲ್ ಇದ್ದರೆ ಏಳು ದಿನದೊಳಗೆ ಬದಲಾಯಿಸಿಕೊಡುತ್ತೇವೆ ಎಂಬುದನ್ನು ಬಾಯಲ್ಲೇ ಹೇಳಿಬಿಟ್ಟರೆ ಆಮೇಲೆ ಕೌಂಟರಿನಲ್ಲಿ ಮನಸ್ತಾಪ ಇರುವುದಿಲ್ಲ. ಅದನ್ನು ಎಲ್ಲಿ ಸೇರಿಸಲಿ? ಅಜ್ಜಿಯನ್ನು ಕರೆಯುವ ಮೊದಲು ಹೇಳಿದರೆ ಮಾತಿನ ಓಟ ಕೆಡುತ್ತದೆ, ಟೇಪು ಕತ್ತರಿಸಿದ ಮೇಲೆ ಯಾರೂ ನಿಂತು ಕೇಳುವುದಿಲ್ಲ.

ಇನ್ನೊಂದು, ಸೀರೆ ಮಡಚಿ ಮಡಚಿ ಕೈ ಸೋತರೂ ಬೇಸರಿಸದ ನಮ್ಮ ಹುಡುಗಿಯರಿಗೂ ಅಲ್ಲೇ ಧನ್ಯವಾದ ಹೇಳಬೇಕೆಂಬ ಆಸೆ. ಒಂದೇ ವಾಕ್ಯದಲ್ಲಿ ಹೇಗೆ ಹೇಳಲಿ? ಅಂಗಡಿ ನಡೆಸುವವರು, ಕಾರ್ಯಕ್ರಮ ನಿರೂಪಣೆ ಮಾಡುವವರು ದಯವಿಟ್ಟು ಗುರುವಾರ ಸಂಜೆಯೊಳಗೆ ತಿದ್ದಿಕೊಡಿ.